ಬಿದಿರು ಕಚ್ಚಿದ ಹುಡುಗಿ ಯಾರು?

ಹೈಸ್ಕೂಲು ಮಕ್ಕಳ ನೋಟ್‌ಬುಕ್ಕಿನ ಕೊನೆಯ ಪುಟ ತಿರುವಿ ನೋಡುವ ಅಭ್ಯಾಸ ಇರುವ ತಂದೆತಾಯಿಯರಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಬಗೆಯ ಚಿತ್ರಗಳು ಮತ್ತೆ ಮತ್ತೆ ಕಣ್ಣಿಗೆ ಬಿದ್ದಿರುತ್ತವೆ. ಮುಖದ ಮೂರನೆಯ ಒಂದು ಪಾಲನ್ನು ನುಂಗಿದ ಕಣ್ಣುಗಳು, ಮೂಗಿನ ಜಾಗದಲ್ಲಿ ಒಂದು ಚುಕ್ಕೆ, ಮುಳ್ಳುಹಂದಿಯ ಮೈಯಂತೆ ನಿಮಿರಿದ ಕೂದಲು. ಇವು ‘ಅನಿಮೆ’ ಎಂದು ಕರೆಯಲಾಗುವ ಜಪಾನಿನ ಚಲಿಸುವ ಚಿತ್ರಕಥೆಗಳ ಪಾತ್ರಗಳು. ಕಥೆಯನ್ನು ಮೆಚ್ಚಿದವರು ತಮ್ಮ ಕೈಯಾರೆ ಬರೆಯುವ ಇಂಥ ಚಿತ್ರಕ್ಕೆ ‘ಫ್ಯಾನ್ ಆರ್ಟ್’, ಅಂದರೆ ಅಭಿಮಾನಿ ಚಿತ್ರ ಎಂಬ ಹೆಸರಿದೆ. ಬಹುಪಾಲು ಚಿತ್ರಗಳ ಕೆಳಗೆ ಪಾತ್ರದ ಹೆಸರು ಬರೆದಿರುವುದಿಲ್ಲ. ಬರೆದವರ ದೃಷ್ಟಿಯಲ್ಲಿ ಅದರ ಅಗತ್ಯವೂ ಇಲ್ಲ.

ದೊಡ್ಡವರಿಗೆ ಎಲ್ಲ ಮುಖಗಳೂ ಒಂದೇ ರೀತಿ ಕಾಣುತ್ತವೆ. ಈ ದೂರಿನಲ್ಲಿ ಸತ್ಯಾಂಶವಿದೆ. ಅನಿಮೆಯ ಮುಖಗಳು ನಿಜಕ್ಕೂ ಬಹಳ ಹತ್ತಿರ ಹತ್ತಿರದವು. ಒಂದೇ ಕಥೆಯ ನಾಲ್ವರು ಹುಡುಗರ ಕೂದಲನ್ನು ಅಳಿಸಿ, ಬಟ್ಟೆ ಬದಲಾಯಿಸಿಬಿಟ್ಟರೆ ಯಾರು ಯಾರೆಂದು ಹೇಳುವುದು ಪಳಗಿದ ಅಭಿಮಾನಿಗೂ ಕಷ್ಟವಾದೀತು. ಆದರೆ ಅದೇ ಹುಡುಗ ಮುಖ ನೋಡದೆಯೇ, ಗೋಡೆಯ ಮೇಲಿನ ಕಪ್ಪು ನೆರಳನ್ನು ನೋಡಿ, ‘ಇದು ಗೋಕು, ಅದು ನರುಟೊ’ ಎಂದು ಹೇಳಬಲ್ಲ. ಅವನ ಕಣ್ಣು ಮುಖವನ್ನು ಬಿಟ್ಟು ಬೇರೆಲ್ಲೋ ನೋಡುತ್ತಿದೆ ಎಂದಾಯಿತು.

ಸಸ್ಯಶಾಸ್ತ್ರ ಓದುವವರು ಗಿಡವನ್ನು ಗುರುತಿಸಲು ‘ಕೀಲಿ’ ಎಂಬ ಕ್ರಮವನ್ನು ಬಳಸುತ್ತಾರೆ. ಎಲೆ ಎದುರುಬದುರಾಗಿದೆಯೇ, ಒಂದೊಂದಾಗಿದೆಯೇ ಎಂಬ ಒಂದು ಪ್ರಶ್ನೆ. ಅದರ ಉತ್ತರ ಹಿಡಿದು ಮುಂದಿನ ಪ್ರಶ್ನೆ. ಹೀಗೆ ಕವಲು ಕವಲಾಗಿ ಹೋದರೆ ಕೊನೆಗೆ ಒಂದು ಹೆಸರು ಸಿಗುತ್ತದೆ. ಈ ಕ್ರಮದ ಜಾಣತನವೆಲ್ಲ ಪ್ರಶ್ನೆಗಳ ಆಯ್ಕೆಯಲ್ಲಿದೆ. ಗಿಡದ ಎತ್ತರವನ್ನು ಕೇಳುವುದಿಲ್ಲ, ಏಕೆಂದರೆ ಅದು ಮಣ್ಣು ನೀರಿನ ಮೇಲೆ ಬದಲಾಗುತ್ತದೆ. ಹೂವಿನ ರಚನೆಯನ್ನು ಕೇಳುತ್ತಾರೆ, ಏಕೆಂದರೆ ಅದು ಸುಲಭಕ್ಕೆ ಬದಲಾಗುವುದಿಲ್ಲ. ಅಭಿಮಾನಿ ಚಿತ್ರವನ್ನು ಓದುವುದೂ ಹೀಗೆಯೇ. ಕೂದಲು, ಉಡುಪು, ಕೈಯಲ್ಲಿ ಹಿಡಿದ ವಸ್ತು, ಈ ಮೂರರಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ ಎಂಬುದು ಗೊತ್ತಿರಬೇಕು.

ಕೂದಲೇ ಏಕೆ?

ಅನಿಮೆಯ ಹೆಚ್ಚಿನ ಕಥೆಗಳು ಮೊದಲು ‘ಮಾಂಗಾ’ ಎಂಬ ಚಿತ್ರಕಥೆಯಾಗಿ ವಾರಪತ್ರಿಕೆಗಳಲ್ಲಿ ಕಪ್ಪು ಬಿಳುಪಿನಲ್ಲಿ ಅಚ್ಚಾಗುತ್ತವೆ. ಕಪ್ಪು ಬಿಳುಪಿನಲ್ಲಿ ಕೂದಲನ್ನು ಮೂರೇ ಬಗೆಯಲ್ಲಿ ತೋರಿಸಲು ಸಾಧ್ಯ. ಪೂರ್ತಿ ಮಸಿ ತುಂಬಬಹುದು, ಖಾಲಿ ಬಿಡಬಹುದು, ಇಲ್ಲವೇ ನಡುವೆ ಚುಕ್ಕೆಗಳ ಬೂದು ಛಾಯೆ ಹಚ್ಚಬಹುದು. ಮೂರು ಛಾಯೆಗಳಲ್ಲಿ ನೂರು ಪಾತ್ರಗಳನ್ನು ಬೇರ್ಪಡಿಸಲಾಗದು. ಆದ್ದರಿಂದ ಚಿತ್ರಕಾರ ಕೂದಲಿನ ಹೊರಗೆರೆಯ ಮೊರೆ ಹೋಗುತ್ತಾನೆ.

ಇದರ ಮೇಲೆ ಟೀವಿಯ ಒತ್ತಡವೂ ಸೇರಿತು. ಒಸಾಮು ತೆಜುಕಾ ಅವರ ‘ಟೆತ್ಸುವನ್ ಆಟಮ್’, ಹೊರದೇಶಗಳಲ್ಲಿ ‘ಆಸ್ಟ್ರೋ ಬಾಯ್’ ಎಂದು ಹೆಸರಾದದ್ದು, 1963ರ ಜನವರಿ 1ರಂದು ಜಪಾನಿನ ಟೀವಿಯಲ್ಲಿ ಆರಂಭವಾಯಿತು. ವಾರಕ್ಕೊಂದು ಅರ್ಧ ಗಂಟೆಯ ಕಂತು ಸಿದ್ಧವಾಗಬೇಕು. ಸಿನಿಮಾ ಪರದೆಯಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ; ಟೀವಿಯ ಚಿತ್ರಕಾರರು ಒಂದೇ ಚಿತ್ರವನ್ನು ಮೂರು ಚೌಕಟ್ಟಿಗೆ ನಿಲ್ಲಿಸಿ, ಸೆಕೆಂಡಿಗೆ 8 ಚಿತ್ರಗಳಲ್ಲಿ ಕೆಲಸ ತೂಗಿಸತೊಡಗಿದರು. ಒಂದು ಪಾತ್ರವನ್ನು ಹತ್ತಾರು ಕೈಗಳು ಬರೆಯುವಾಗ ಮುಖ ಸ್ವಲ್ಪ ಆಚೀಚೆ ಆಗುವುದು ಸಹಜ. ಹಾಗಾದರೂ ನೋಡುವವನು ಗುರುತು ತಪ್ಪಬಾರದು. ಅದಕ್ಕಾಗಿ ಪ್ರತಿ ಪಾತ್ರಕ್ಕೂ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣಬೇಕೆಂಬ ಮಾದರಿ ಹಾಳೆಯನ್ನು ಮಾಡಿಟ್ಟುಕೊಳ್ಳುವುದು ರೂಢಿ. ಜಪಾನಿನ ಚಿತ್ರಶಾಲೆಗಳಲ್ಲಿ ಇದಕ್ಕೆ ‘ಸೆತ್ತೆಯ್’ ಎನ್ನುತ್ತಾರೆ.

ಆಟಮ್‌ನ ತಲೆಯ ಮೇಲೆ ಕೊಂಬಿನಂಥ ಎರಡು ಜುಟ್ಟುಗಳಿವೆ. ಅವನು ಎಡಕ್ಕೆ ತಿರುಗಲಿ, ಬಲಕ್ಕೆ ತಿರುಗಲಿ, ಎರಡೂ ಜುಟ್ಟುಗಳು ಒಂದನ್ನೊಂದು ಮರೆಮಾಡದೆ ಬೇರೆ ಬೇರೆಯಾಗಿಯೇ ಕಾಣುತ್ತವೆ. ನಿಜವಾದ ತಲೆಯ ಮೇಲೆ ಇದು ಅಸಾಧ್ಯ. ಮಣ್ಣಿನಲ್ಲಿ ಅವನ ಗೊಂಬೆ ಮಾಡಲು ಹೊರಟವನಿಗೆ ಜುಟ್ಟನ್ನು ಎಲ್ಲಿ ನೆಡಬೇಕೆಂಬುದೇ ಒಗಟಾಗುತ್ತದೆ. ರೇಖಾಗಣಿತವನ್ನು ಬಲಿಗೊಟ್ಟು ಗುರುತನ್ನು ಉಳಿಸಿಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬಣ್ಣ ಮಾತ್ರ ಕೂದಲಿನ ಆಕಾರದಷ್ಟು ನಂಬಿಕೆಗೆ ಅರ್ಹವಲ್ಲ. 1984ರಿಂದ 1995ರವರೆಗೆ ಪ್ರಕಟವಾದ ಅಕಿರಾ ತೊರಿಯಾಮ ಅವರ ‘ಡ್ರ್ಯಾಗನ್ ಬಾಲ್’ನಲ್ಲಿ ನಾಯಕ ಗೋಕುವಿನ ಕಪ್ಪು ಕೂದಲು ಶಕ್ತಿ ಉಕ್ಕಿದಾಗ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಇದರ ಹಿಂದೆ ದೊಡ್ಡ ತತ್ವವೇನೂ ಇರಲಿಲ್ಲ. ಗೋಕುವಿನ ತಲೆಗೆ ಮಸಿ ತುಂಬುವುದರಲ್ಲಿ ಸಹಾಯಕನ ಸಮಯವೆಲ್ಲ ಹೋಗುತ್ತಿತ್ತು. ಕೂದಲನ್ನು ಖಾಲಿ ಬಿಟ್ಟರೆ ಆ ಕೆಲಸ ಉಳಿಯುತ್ತದೆ ಎಂಬುದು ಒಂದು ಕಾರಣವೆಂದು ಸ್ವತಃ ತೊರಿಯಾಮ ಅವರೇ ಹೇಳಿಕೊಂಡಿದ್ದರು. ಪತ್ರಿಕೆಯ ಪುಟದಲ್ಲಿ ಅದು ಬರೀ ಬಿಳಿ. ಹೀಗಾಗಿ ಪೆನ್ಸಿಲ್ಲಿನಲ್ಲಿ ಬರೆದ ಬಿಳಿಯ ಮುಳ್ಳುಗೂದಲು ಕಂಡ ಕೂಡಲೇ ಬಣ್ಣವನ್ನು ಊಹಿಸಹೊರಟರೆ ದಾರಿ ತಪ್ಪುತ್ತದೆ. ಆ ಹುಡುಗನ ಎರಡೂ ಕೆನ್ನೆಗಳ ಮೇಲೆ ಬೆಕ್ಕಿನ ಮೀಸೆಯಂತೆ ಮೂರು ಮೂರು ಗೆರೆಗಳಿದ್ದರೆ ಅವನು ಗೋಕು ಅಲ್ಲ, ನರುಟೊ.

ಎರಡು ಬಿಳಿತಲೆಗಳು

ಕೂದಲಿನ ಬಣ್ಣ ಒಂದೇ, ಮುಖ ಮುಚ್ಚಿರುವುದೂ ಒಂದೇ ಎಂಬ ಕಾರಣಕ್ಕೆ ಹೊಸಬರು ತಪ್ಪುವ ಜೋಡಿಯೊಂದಿದೆ. ಒಬ್ಬ, ಮಸಾಶಿ ಕಿಶಿಮೊತೊ ಅವರ ‘ನರುಟೊ’ ಕಥೆಯಲ್ಲಿ ಬರುವ ಗುರು ಕಾಕಾಶಿ. ಇನ್ನೊಬ್ಬ, ಗೆಗೆ ಅಕುತಾಮಿ ಅವರ ‘ಜುಜುತ್ಸು ಕೈಸೆನ್’ ಕಥೆಯ ಗುರು ಸತೋರು ಗೋಜೋ. ಇಬ್ಬರೂ ಎತ್ತರದ ಗಂಡಸರು, ಇಬ್ಬರದೂ ಬೆಳ್ಳನೆಯ ಕೂದಲು, ಇಬ್ಬರ ಮುಖದ ಮೇಲೂ ಕಪ್ಪು ಬಟ್ಟೆ.

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಬಟ್ಟೆ ಏನನ್ನು ಮುಚ್ಚಿದೆ ಎಂಬುದು. ಕಾಕಾಶಿ ಮೂಗು ಬಾಯಿಗಳನ್ನು ಮುಚ್ಚುತ್ತಾನೆ. ಜೊತೆಗೆ ಹಣೆಪಟ್ಟಿಯನ್ನು ಓರೆಯಾಗಿ ಎಳೆದು ಒಂದು ಕಣ್ಣನ್ನು ಮರೆಮಾಡುತ್ತಾನೆ. ಅವನ ಮುಖದಲ್ಲಿ ಕಾಣುವುದು ಒಂದೇ ಕಣ್ಣು. ಗೋಜೋ ತದ್ವಿರುದ್ಧ. ಎರಡೂ ಕಣ್ಣುಗಳಿಗೆ ಪಟ್ಟಿ ಕಟ್ಟಿರುತ್ತಾನೆ, ಬಾಯಿ ತೆರೆದಿರುತ್ತದೆ, ಬಹುತೇಕ ಅದರಲ್ಲಿ ನಗುವೂ ಇರುತ್ತದೆ. ಇಷ್ಟರಲ್ಲೇ ಹತ್ತರಲ್ಲಿ ಒಂಬತ್ತು ಚಿತ್ರಗಳು ಇತ್ಯರ್ಥವಾಗುತ್ತವೆ.

ಉಳಿದ ಒಂದರಲ್ಲಿ ಗೋಜೋ ಕಣ್ಣಿನ ಪಟ್ಟಿಯನ್ನು ಬಿಚ್ಚಿರುತ್ತಾನೆ. ಆಗ ನೆಟ್ಟಗೆ ನಿಂತಿದ್ದ ಕೂದಲೂ ಹಣೆಯ ಮೇಲೆ ಇಳಿಯುತ್ತದೆ. ಅಂದರೆ ಗಟ್ಟಿ ಎಂದುಕೊಂಡ ಕೂದಲಿನ ಆಕಾರವೇ ಬದಲಾಯಿತು! ಇಂಥಲ್ಲಿ ತಿಳಿನೀಲಿ ಕಣ್ಣು, ಬಿಳಿಯ ರೆಪ್ಪೆಗೂದಲು ನೆರವಿಗೆ ಬರುತ್ತವೆ. ದುಂಡನೆಯ ಕಪ್ಪು ಕನ್ನಡಕವಿದ್ದರೆ ಅದು ಅವನ ವಿದ್ಯಾರ್ಥಿ ದೆಸೆಯ ಚಿತ್ರವಾಗಿರುವ ಸಂಭವ ಹೆಚ್ಚು. ಕಾಕಾಶಿಯ ಕೈಯಲ್ಲಿ ಒಂದು ಪುಟ್ಟ ಕಿತ್ತಳೆ ಬಣ್ಣದ ಪುಸ್ತಕವಿರುತ್ತದೆ. ಯುದ್ಧದ ನಡುವೆಯೂ ಅವನು ಅದನ್ನು ಓದುತ್ತಿರುತ್ತಾನೆ. ಆ ಪುಸ್ತಕ ಕಂಡರೆ, ಅವನನ್ನು ಕೋಟು ಪ್ಯಾಂಟಿನಲ್ಲಿ ಬರೆದಿದ್ದರೂ ಗುರುತು ತಪ್ಪುವುದಿಲ್ಲ.

ಎಡ ಬಲದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕಾಕಾಶಿ ಮುಚ್ಚಿಕೊಳ್ಳುವುದು ತನ್ನ ಎಡಗಣ್ಣನ್ನು. ಅವನು ನಮಗೆ ಎದುರಾಗಿ ನಿಂತಾಗ ಅದು ನಮ್ಮ ಬಲಕ್ಕೆ ಬರುತ್ತದೆ. ಕನ್ನಡಿಯ ಪಾಠ ಓದಿದ ಮಕ್ಕಳೂ ಇಲ್ಲಿ ಎಡವುತ್ತಾರೆ. ಜಪಾನೀ ಪುಸ್ತಕವನ್ನು ಬಲದಿಂದ ಎಡಕ್ಕೆ ಓದುವುದರಿಂದ, ಕಳೆದ ಶತಮಾನದ ಎಂಬತ್ತು ತೊಂಬತ್ತರ ದಶಕದ ಹಲವು ಇಂಗ್ಲಿಷ್ ಅನುವಾದಗಳಲ್ಲಿ ಪುಟವನ್ನೇ ಕನ್ನಡಿಯಂತೆ ತಿರುವಿ ಅಚ್ಚು ಹಾಕುತ್ತಿದ್ದರು, ಖಡ್ಗಧಾರಿಗಳೆಲ್ಲ ಎಡಚರಾಗಿಬಿಡುತ್ತಿದ್ದರು. ಇಂದು ಫೋನಿನಲ್ಲಿ ಚಿತ್ರವನ್ನು ತಿರುವುವುದು ಒಂದು ಬೆರಳಿನ ಕೆಲಸ. ‘ರೀ:ಝೀರೊ’ ಕಥೆಯ ಅವಳಿ ಸೋದರಿಯರಾದ ರೆಮ್ ಮತ್ತು ರಾಮ್ ಇಬ್ಬರ ಉಡುಪೂ ಒಂದೇ, ಕೂದಲಿನ ಕತ್ತರಿಯೂ ಒಂದೇ. ನೀಲಿಗೂದಲಿನ ರೆಮ್‌ಳ ಬಲಗಣ್ಣು, ಗುಲಾಬಿಗೂದಲಿನ ರಾಮ್‌ಳ ಎಡಗಣ್ಣು ಕೂದಲಿನಲ್ಲಿ ಮರೆಯಾಗಿರುತ್ತದೆ. ಬಣ್ಣವಿಲ್ಲದ ಪೆನ್ಸಿಲ್ ಚಿತ್ರವನ್ನು ಯಾರೋ ತಿರುವಿಟ್ಟಿದ್ದರೆ ಅಕ್ಕ ತಂಗಿಯಾಗುತ್ತಾಳೆ. ಚಿತ್ರದ ಮೂಲೆಯಲ್ಲಿ ಬರೆದವರ ಸಹಿ ಇದ್ದು, ಅದು ನೆಟ್ಟಗಿದೆಯೇ ತಿರುಗುಮುರುಗಾಗಿದೆಯೇ ಎಂದು ನೋಡುವುದೊಂದೇ ಆಗ ಉಳಿಯುವ ದಾರಿ.

ಮೇಲಂಗಿಯ ಕಥೆ

ಉಡುಪಿನ ವಿಚಾರಕ್ಕೆ ಬಂದರೆ ಮೊದಲು ತಿಳಿಯಬೇಕಾದದ್ದು, ಅದು ವ್ಯಕ್ತಿಯನ್ನು ಹೇಳುತ್ತದೆಯೋ ಗುಂಪನ್ನು ಹೇಳುತ್ತದೆಯೋ ಎಂಬುದು. ‘ನರುಟೊ’ದಲ್ಲಿ ಕೆಂಪು ಮೋಡಗಳಿರುವ ಕರಿಯ ನಿಲುವಂಗಿ ಕಂಡರೆ ಅವನು ಅಕಾತ್ಸುಕಿ ಎಂಬ ಕೂಟದವನು ಎಂದಷ್ಟೇ ಗೊತ್ತಾಗುತ್ತದೆ; ಆ ಕೂಟದಲ್ಲಿ ಯಾರು ಎಂಬುದು ತಿಳಿಯದು. ಅದೇ ಕಥೆಯ ಹಣೆಪಟ್ಟಿಯ ಲೋಹದ ಮೇಲೆ ಊರಿನ ಚಿಹ್ನೆ ಕೆತ್ತಿರುತ್ತದೆ. ಆ ಚಿಹ್ನೆಯನ್ನು ಅಡ್ಡಗೆರೆಯೊಂದು ಸೀಳಿದ್ದರೆ ಅದನ್ನು ಬರೆದವನ ಕೈ ಜಾರಿದ್ದೆಂದು ತಿಳಿಯಬಾರದು. ಅವನು ಊರು ಬಿಟ್ಟು ಹೋದವನು ಎಂಬುದರ ಗುರುತು ಅದು.

ಈ ಲೆಕ್ಕವನ್ನು ಬಹಳ ಅಚ್ಚುಕಟ್ಟಾಗಿ ಬಳಸಿಕೊಂಡಿರುವ ಕಥೆ ‘ಕಿಮೆತ್ಸು ನೋ ಯೈಬಾ’. ಇಂಗ್ಲಿಷಿನ ಹೆಸರು ‘ಡೀಮನ್ ಸ್ಲೇಯರ್’. ಕೊಯೊಹರು ಗೊತೊಗೆ ಬರೆದ ಈ ಚಿತ್ರಕಥೆ 2016ರಿಂದ 2020ರವರೆಗೆ ವಾರಪತ್ರಿಕೆಯಲ್ಲಿ ಬಂತು, 2019ರಲ್ಲಿ ಅನಿಮೆಯಾಯಿತು. ರಾಕ್ಷಸರನ್ನು ಕೊಲ್ಲುವ ದಳದವರೆಲ್ಲ ಒಂದೇ ಕರಿಯ ಸಮವಸ್ತ್ರ ತೊಡುತ್ತಾರೆ. ಅದು ಗುಂಪಿನ ಗುರುತು. ಅದರ ಮೇಲೆ ‘ಹಾವೊರಿ’ ಎಂಬ, ಮುಂದೆ ತೆರೆದಿರುವ ಸಡಿಲ ಮೇಲಂಗಿ ಹಾಕಿಕೊಳ್ಳುತ್ತಾರೆ. ಅದು ವ್ಯಕ್ತಿಯ ಗುರುತು. ನಾಯಕ ತಂಜಿರೊವಿನ ಹಾವೊರಿ ಹಸಿರು ಕಪ್ಪು ಚೌಕಳಿಯದು. ಅವನ ಗೆಳೆಯ ಜೆನಿತ್ಸುವಿನದು ಹಳದಿ, ಅದರ ತುಂಬ ಬಿಳಿಯ ತ್ರಿಕೋನಗಳು. ಗಿಯೂ ಎಂಬವನದು ಎರಡು ಬೇರೆ ಬಟ್ಟೆಗಳನ್ನು ನಡುಬೆನ್ನಿನಲ್ಲಿ ಕೂಡಿಸಿ ಹೊಲಿದದ್ದು. ಒಂದರ್ಧ ಒಂದೇ ಬಣ್ಣದ ಕಡುಗೆಂಪು, ಇನ್ನೊಂದರ್ಧ ಹಳದಿ ಹಸಿರಿನ ರೇಖಾವಿನ್ಯಾಸ. ಒಂದು ಭಾಗ ತೀರಿಹೋದ ಅಕ್ಕನ ನೆನಪು, ಮತ್ತೊಂದು ತೀರಿಹೋದ ಗೆಳೆಯನದು. ಶಿನೋಬುವಿನ ಮೇಲಂಗಿ ಚಿಟ್ಟೆಯ ರೆಕ್ಕೆಯಂತಿದೆ.

ತಂಜಿರೊವಿನ ತಂಗಿ ನೆಜುಕೊ. ರಾಕ್ಷಸಿಯಾಗಿಬಿಟ್ಟಿರುವ ಈ ಹುಡುಗಿ ಮನುಷ್ಯರನ್ನು ಕಚ್ಚದಂತೆ ಬಾಯಿಗೆ ಅಡ್ಡಲಾಗಿ ಒಂದು ಹಸಿರು ಬಿದಿರಿನ ತುಂಡನ್ನು ಕಟ್ಟಿರುತ್ತಾರೆ. ಅವಳ ಗುಲಾಬಿ ಕಿಮೋನೊದ ಮೇಲೆ ನಕ್ಷತ್ರದಂಥ ವಿನ್ಯಾಸವಿದೆ. ಜಪಾನಿನಲ್ಲಿ ಇದಕ್ಕೆ ‘ಅಸನೊಹಾ’, ಸೆಣಬಿನ ಜಾತಿಯ ಗಿಡವೊಂದರ ಎಲೆ ಎಂದು ಹೆಸರು. ಆ ಗಿಡ ಬೇಗ, ನೆಟ್ಟಗೆ ಬೆಳೆಯುವುದರಿಂದ ಎಳೆ ಮಕ್ಕಳ ಬಟ್ಟೆಗೆ ಈ ವಿನ್ಯಾಸ ಹಾಕಿಸುವುದು ಅಲ್ಲಿನ ಹಳೆಯ ಪದ್ಧತಿ. ಅವಳ ಕರಿಗೂದಲು ತುದಿಯತ್ತ ಬಂದಂತೆ ಕಿತ್ತಳೆಗೆ ತಿರುಗುತ್ತದೆ.

ಈ ಮೇಲಂಗಿಗಳಲ್ಲಿ ಯಾವುದು ನಿಜವಾಗಿ ಒಬ್ಬನದೇ ಗುರುತು ಎಂಬ ಪ್ರಶ್ನೆ ಅಭಿಮಾನಿಗಳ ಹರಟೆಯನ್ನು ದಾಟಿ ಸರ್ಕಾರಿ ಕಚೇರಿಯ ಮೆಟ್ಟಿಲನ್ನೂ ಹತ್ತಿತು. ಕಥೆಯ ಪ್ರಕಾಶಕರಾದ ಶುಯೆಯ್‌ಶಾ ಸಂಸ್ಥೆಯವರು 2020ರಲ್ಲಿ ಆರು ಪಾತ್ರಗಳ ಬಟ್ಟೆಯ ವಿನ್ಯಾಸಗಳನ್ನು ತಮ್ಮ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಡಬೇಕೆಂದು ಜಪಾನಿನ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿದರು. ಆಗ ದೇಶವೆಲ್ಲ ಆ ಕಥೆಯ ಗುಂಗಿನಲ್ಲಿತ್ತು. ಹಸಿರು ಕಪ್ಪು ಚೌಕಳಿಯ ಬಟ್ಟೆಯನ್ನು ಎಷ್ಟೋ ಅಂಗಡಿಯವರು ಮಾರುತ್ತಿದ್ದರು. ಗಿಯೂ, ಶಿನೋಬು, ರೆಂಗೊಕು ಈ ಮೂವರ ವಿನ್ಯಾಸಗಳಿಗೆ ಮಾನ್ಯತೆ ಸಿಕ್ಕಿತು. ತಂಜಿರೊ, ನೆಜುಕೊ, ಜೆನಿತ್ಸು ಇವರವನ್ನು 2021ರಲ್ಲಿ ಕಚೇರಿ ತಿರಸ್ಕರಿಸಿತು.

ತಿರಸ್ಕಾರಕ್ಕೆ ಕಾರಣ ಅರ್ಥಪೂರ್ಣವಾಗಿದೆ. ಚೌಕಳಿ ಎಂಬುದು ಯಾರೊಬ್ಬರದೂ ಅಲ್ಲ. ಜಪಾನಿನಲ್ಲಿ ಅದರ ಹೆಸರು ‘ಇಚಿಮಾತ್ಸು’. ಹದಿನೆಂಟನೆಯ ಶತಮಾನದಲ್ಲಿ ಸನೊಗಾವಾ ಇಚಿಮಾತ್ಸು ಎಂಬ ಕಬುಕಿ ನಾಟಕದ ನಟ ರಂಗದ ಮೇಲೆ ಅದನ್ನು ತೊಟ್ಟು ಜನಪ್ರಿಯಗೊಳಿಸಿದ್ದರಿಂದ ಅವನ ಹೆಸರೇ ಬಟ್ಟೆಗೂ ನಿಂತಿತು. ಅಸನೊಹಾ ಎಲೆ, ಸಾಲು ತ್ರಿಕೋನ ಇವೂ ತಲೆತಲಾಂತರದಿಂದ ಬಳಕೆಯಲ್ಲಿರುವ ಸಾಮಾನ್ಯ ವಿನ್ಯಾಸಗಳು. ಇವು ಬಟ್ಟೆಯ ಅಲಂಕಾರವೇ ಹೊರತು ಒಬ್ಬ ತಯಾರಕನ ಸರಕನ್ನು ಮತ್ತೊಬ್ಬನದರಿಂದ ಬೇರ್ಪಡಿಸುವ ಗುರುತಲ್ಲ ಎಂಬುದು ಕಚೇರಿಯ ನಿಲುವು. ಗಿಯೂವಿನ ಕೂಡುಬಟ್ಟೆ ಹಾಗಲ್ಲ. ಅಂಥದ್ದು ಬೇರೆಲ್ಲೂ ಇಲ್ಲ.

ಚಿತ್ರ ನೋಡುವವನಿಗೆ ಈ ತೀರ್ಪು ಒಂದು ಅಳತೆಗೋಲನ್ನು ಕೊಡುತ್ತದೆ. ಗಿಯೂವಿನ ಅಂಗಿಯನ್ನು ಕುರ್ಚಿಯ ಮೇಲೆ ಹರಡಿದ ಚಿತ್ರ ಬರೆದರೂ ಅದು ಗಿಯೂವಿನದೇ ಎಂದು ಹೇಳಬಹುದು. ಹಸಿರು ಚೌಕಳಿಯ ಅಂಗಿ ಮಾತ್ರ ಕುರ್ಚಿಯ ಮೇಲಿದ್ದರೆ, ಅದು ತಂಜಿರೊವಿನದಿರಬಹುದು, ಬೇರೆಯವರ ಅಂಗಿಯೂ ಇರಬಹುದು. ಎರಡನೆಯ ಸಾಕ್ಷಿ ಬೇಕೇ ಬೇಕು. ತಂಜಿರೊವಿನ ಮಟ್ಟಿಗೆ ಆ ಸಾಕ್ಷಿ ಕಿವಿಯಲ್ಲಿ ಮತ್ತು ಹಣೆಯ ಮೇಲಿದೆ. ಕಿವಿಯಲ್ಲಿ ಜಪಾನಿನ ಹನಾಫುದಾ ಇಸ್ಪೀಟಿನ ಎಲೆಯಂಥ ಆಯತಾಕಾರದ ಓಲೆ. ಹಣೆಯ ಎಡಭಾಗದಲ್ಲಿ ಕಲೆ.

ಒಂದು ಚಿತ್ರ, ಹಲವು ಸಾಕ್ಷಿ

ಈಗ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ನೋಡೋಣ. ಶಾಲೆಯ ಕಾರಿಡಾರಿನಲ್ಲಿ ಒಬ್ಬ ಹುಡುಗ ಓಡುತ್ತಿದ್ದಾನೆ. ಇಂದಿನ ಕಾಲದ ಶಾಲಾ ಸಮವಸ್ತ್ರ. ಚೌಕಳಿ ಮೇಲಂಗಿ ಇಲ್ಲ, ಕತ್ತಿ ಇಲ್ಲ. ಕೂದಲು ಕಡುಗೆಂಪು ಛಾಯೆಯದು, ಹಿಂದಕ್ಕೆ ಬಾಚಿದಂತಿದೆ. ಹಿಂದೆ ಉದ್ದಗೂದಲಿನ ಒಬ್ಬಳು ಹುಡುಗಿ. ಬಾಯಿಗೆ ಅಡ್ಡಲಾಗಿ ಉದ್ದನೆಯ ಬ್ರೆಡ್ಡನ್ನು ಕಚ್ಚಿಕೊಂಡಿದ್ದಾಳೆ. ಅವರಿಬ್ಬರ ಹಿಂದೆ ಆಟದ ಮೇಷ್ಟರ ವೇಷದ ಗಂಭೀರ ಮುಖದ ಒಬ್ಬ ಅಟ್ಟಿಸಿಕೊಂಡು ಬರುತ್ತಿದ್ದಾನೆ.

ಉಡುಪು ಇಲ್ಲಿ ಏನೂ ಹೇಳುವುದಿಲ್ಲ. ಸಾವಿರ ಅನಿಮೆಗಳಲ್ಲಿ ಇಂಥ ಸಮವಸ್ತ್ರವಿದೆ. ಹುಡುಗನ ಕೂದಲು ಅಷ್ಟೇನೂ ಅಪರೂಪದ್ದಲ್ಲ. ಆದ್ದರಿಂದ ತಲೆಯ ಸುತ್ತ ಹುಡುಕಬೇಕು. ಕಿವಿಯಲ್ಲಿ ಆಯತಾಕಾರದ ಓಲೆಗಳಿವೆ. ಓಲೆಯೊಂದನ್ನೇ ನಂಬುವಂತಿಲ್ಲ, ಏಕೆಂದರೆ ಅದು ತಂಜಿರೊವಿನ ಮನೆಯಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬಂದ ಒಡವೆ. ಅವನ ತಂದೆಯ ಕಿವಿಯಲ್ಲೂ ಅದೇ ಇತ್ತು. ಅದಕ್ಕೂ ಶತಮಾನಗಳ ಹಿಂದಿನ ಯೊರಿಇಚಿ ಎಂಬ ಖಡ್ಗವೀರನ ಕಿವಿಯಲ್ಲೂ ಅದೇ ಇತ್ತು. ಅವನ ಹಣೆಯ ಮೇಲೂ ಒಂದು ಗುರುತಿದೆ! ಆದರೆ ಯೊರಿಇಚಿಯದು ಹಿಂದೆ ಎತ್ತಿ ಕಟ್ಟಿದ ಉದ್ದ ಕೂದಲು. ಓಡುತ್ತಿರುವ ಹುಡುಗನದು ಗಿಡ್ಡ. ಗಿಡ್ಡ ಕೂದಲು, ಹನಾಫುದಾ ಓಲೆ, ಹಣೆಯ ಎಡಕ್ಕೆ ಕಲೆ, ಈ ಮೂರೂ ಒಟ್ಟಿಗೆ ಬಂದರೆ ಅವನು ತಂಜಿರೊ.

ಹುಡುಗಿಯ ಬಾಯಿಯ ಬ್ರೆಡ್ಡಿನ ಒಗಟು ಈಗ ತಾನಾಗಿ ಬಿಡಿಸಿಕೊಳ್ಳುತ್ತದೆ. ವಸ್ತು ಬದಲಾಗಿದೆ, ಅದರ ಆಕಾರ ಮತ್ತು ಜಾಗ ಬದಲಾಗಿಲ್ಲ. ಅಡ್ಡಲಾಗಿದ್ದ ಬಿದಿರಿನ ಜಾಗಕ್ಕೆ ಅಷ್ಟೇ ಉದ್ದದ ಬ್ರೆಡ್ಡು ಬಂದಿದೆ. ಕೂದಲಿನ ತುದಿ ಕಿತ್ತಳೆ ಬಣ್ಣದ್ದಾಗಿದ್ದರೆ ನೆಜುಕೊ ಎಂಬುದರಲ್ಲಿ ಸಂದೇಹವಿಲ್ಲ. ಇದು ಬರೆದವರ ಸ್ವಂತ ಕಲ್ಪನೆಯೂ ಅಲ್ಲ. ‘ಕಿಮೆತ್ಸು ಗಕುಎನ್’ ಎಂಬ, ಮೂಲ ಕಥೆಯ ಪಾತ್ರಗಳನ್ನೆಲ್ಲ ಶಾಲೆಗೆ ಸೇರಿಸಿ ಮಾಡಿದ ಅಧಿಕೃತ ಹಾಸ್ಯ ರೂಪವೊಂದಿದೆ. ಅದರಲ್ಲಿ ಅಣ್ಣ ತಂಗಿಯರ ಮನೆಯವರು ಬೇಕರಿ ನಡೆಸುತ್ತಾರೆ. ಗಿಯೂ ಆ ಶಾಲೆಯ ವ್ಯಾಯಾಮ ಶಿಕ್ಷಕ. ಓಲೆ ಹಾಕಿಕೊಂಡು ಬರುವುದು ಶಾಲೆಯ ನಿಯಮಕ್ಕೆ ವಿರುದ್ಧವಾದ್ದರಿಂದ ತಂಜಿರೊವನ್ನು ಅಟ್ಟಿಸಿಕೊಂಡು ಹೋಗುವುದು ಅವನ ನಿತ್ಯದ ಕೆಲಸ. ಹೀಗೆ ಮೇಲಂಗಿಯ ಸುಳಿವೇ ಇಲ್ಲದೆ ಮೂರನೆಯವನ ಹೆಸರೂ ಸಿಕ್ಕಿತು. ಗುರುತು ಸಿಕ್ಕ ಇಬ್ಬರು ಮೂರನೆಯವನಿಗೆ ಸಾಕ್ಷಿಯಾದರು.

ಬಿದಿರಿನ ವಿಷಯದಲ್ಲಿ ಇನ್ನೊಂದು ಮಾತು. ಕೈವಸ್ತುಗಳು ವ್ಯಕ್ತಿಯ ಜೊತೆಗೆ ಕಾಲವನ್ನೂ ಹೇಳುತ್ತವೆ. ಕಥೆ ಮುಂದುವರಿದಂತೆ ನೆಜುಕೊ ಸೂರ್ಯನ ಬೆಳಕನ್ನು ತಾಳುವ ಶಕ್ತಿ ಪಡೆಯುತ್ತಾಳೆ. ಅಲ್ಲಿಂದ ಮುಂದೆ ಅವಳ ಬಾಯಿಗೆ ಬಿದಿರಿಲ್ಲ. ಅನಿಮೆಯಲ್ಲಿ ಆ ಭಾಗ ಬಂದದ್ದು 2023ರಲ್ಲಿ. ಅದಕ್ಕಿಂತ ಮೊದಲೇ ಚಿತ್ರಕಥೆಯನ್ನು ಓದಿ ಮುಗಿಸಿದವರು ಬಿದಿರಿಲ್ಲದ, ಹಗಲಲ್ಲಿ ನಗುವ ನೆಜುಕೊಳನ್ನು ಬರೆಯುತ್ತಿದ್ದರು. ಟೀವಿಯನ್ನಷ್ಟೇ ನೋಡಿದವರು ಅದನ್ನು ತಪ್ಪು ಚಿತ್ರವೆಂದು ವಾದಿಸುತ್ತಿದ್ದರು. ತಂಜಿರೊವಿನ ಹಣೆಯ ಕಲೆಯೂ ಮೊದಲು ಸುಟ್ಟಗಾಯವಾಗಿದ್ದು, ಮುಂದೆ ಬೆಂಕಿಯ ಜ್ವಾಲೆಯಂಥ ಗುರುತಾಗುತ್ತದೆ. ಗೋಕುವಿನ ಕಿತ್ತಳೆ ಬಣ್ಣದ ಅಂಗಿಯ ಮೇಲಿನ ಅಕ್ಷರವೂ ಹೀಗೆಯೇ. ಆರಂಭದಲ್ಲಿ ಅದು ಗುರುವಿನ ಗುರುತಾದ ‘ಆಮೆ’ ಎಂಬರ್ಥದ ಅಕ್ಷರ. ನಂತರ ಅವನ ಸ್ವಂತ ಹೆಸರಿನದು.

ಯಾವುದು ತಪ್ಪು, ಯಾವುದು ಅಲ್ಲ

ಎಷ್ಟು ಸಾಕ್ಷಿ ಇದ್ದರೆ ಸಾಕು? ಪರಸ್ಪರ ಸಂಬಂಧವಿಲ್ಲದ ಎರಡು ಗುರುತುಗಳು ಒಂದೇ ಹೆಸರನ್ನು ಹೇಳಬೇಕು, ಮೂರನೆಯದು ಅದಕ್ಕೆ ವಿರೋಧವಾಗಿರಬಾರದು. ಅಕಾತ್ಸುಕಿ ನಿಲುವಂಗಿ ಮತ್ತು ಅಡ್ಡಗೆರೆ ಬಿದ್ದ ಹಣೆಪಟ್ಟಿ ಎರಡು ಗುರುತುಗಳಂತೆ ಕಂಡರೂ ಎರಡೂ ಗುಂಪನ್ನೇ ಹೇಳುವುದರಿಂದ ಒಂದೇ ಲೆಕ್ಕ. ಅವುಗಳ ಜೊತೆಗೆ ಕಣ್ಣಿನ ಒಳಮೂಲೆಯಿಂದ ಕೆನ್ನೆಗೆ ಇಳಿದ ಎರಡು ಗೆರೆಗಳಿದ್ದು, ಕರಿಗೂದಲನ್ನು ಹಿಂದೆ ಕಟ್ಟಿದ್ದರೆ ಆಗ ಅವನು ಇತಾಚಿ.

ಎಲ್ಲ ಗುರುತುಗಳನ್ನು ಹುಡುಕಿಯೂ ಹೆಸರು ಸಿಗದಿದ್ದರೆ ಒತ್ತಾಯದಿಂದ ಹೆಸರಿಡಬಾರದು. ಅಭಿಮಾನಿಗಳು ಎಷ್ಟೋ ವೇಳೆ ತಾವೇ ಒಂದು ಹೊಸ ಪಾತ್ರವನ್ನು ಹುಟ್ಟಿಸಿ, ಅದಕ್ಕೆ ಎಲೆಯೂರಿನ ಹಣೆಪಟ್ಟಿಯನ್ನೋ ರಾಕ್ಷಸ ದಳದ ಕರಿಯ ಸಮವಸ್ತ್ರವನ್ನೋ ತೊಡಿಸುತ್ತಾರೆ. ಗುಂಪಿನ ಗುರುತೆಲ್ಲ ಸರಿಯಾಗಿದ್ದು ವ್ಯಕ್ತಿಯ ಗುರುತು ಯಾರದಕ್ಕೂ ಹೊಂದದಿದ್ದರೆ ಹೆಚ್ಚಾಗಿ ಅದು ಇಂಥದ್ದೇ. ಮಗ ಬರೆದ ಚಿತ್ರವನ್ನು ‘ಇದು ನರುಟೊನೇ ತಾನೆ?’ ಎಂದು ಕೇಳಿ, ಅವನು ಮುಖ ಸಣ್ಣದು ಮಾಡಿಕೊಂಡರೆ ಆಶ್ಚರ್ಯಪಡಬೇಕಿಲ್ಲ. ಬಹುಶಃ ಅದು ಅವನೇ. ಇನ್ನು ಅನಿಮೆಯಂತೆ ಕಂಡದ್ದೆಲ್ಲ ಅನಿಮೆಯ ಪಾತ್ರವೂ ಅಲ್ಲ. ಮೊಣಕಾಲು ದಾಟಿದ ಎರಡು ಹಸಿರುನೀಲಿ ಜಡೆ, ಎಡತೋಳಿನ ಮೇಲೆ 01 ಎಂಬ ಅಂಕಿ ಇರುವ ಹುಡುಗಿಯನ್ನು ಯಾವ ಕಥೆಯಲ್ಲಿ ಹುಡುಕಿದರೂ ಮೂಲ ಸಿಗುವುದಿಲ್ಲ. ಅವಳು ಹತ್ಸುನೆ ಮಿಕು. 2007ರಲ್ಲಿ ಕ್ರಿಪ್ಟನ್ ಎಂಬ ಜಪಾನೀ ಕಂಪನಿ ಹೊರತಂದ, ಕಂಪ್ಯೂಟರಿನಲ್ಲಿ ಹಾಡು ಹಾಡಿಸುವ ತಂತ್ರಾಂಶದ ಡಬ್ಬಿಯ ಮೇಲಿನ ಚಿತ್ರ.

ತಪ್ಪಿನಂತೆ ಕಂಡು ತಪ್ಪಲ್ಲದ ಒಂದು ವಿವರ ತಂಜಿರೊವಿನ ಓಲೆಯಲ್ಲೇ ಇದೆ. ಜಪಾನಿನ ಮೂಲದಲ್ಲಿ ಆ ಓಲೆಯ ಮೇಲೆ ಕೆಂಪು ಸೂರ್ಯ, ಅದರಿಂದ ಹೊರಟ ಕಿರಣಗಳು ಇವೆ. ಇದು ಎರಡನೆಯ ಮಹಾಯುದ್ಧ ಕಾಲದ ಜಪಾನಿನ ಸೇನಾ ಧ್ವಜವನ್ನು ನೆನಪಿಸುತ್ತದೆ; ಕೊರಿಯಾ ಮತ್ತು ಚೀನಾದವರಿಗೆ ಆ ನೆನಪು ಕಹಿಯಾದದ್ದು. ಆದ್ದರಿಂದ ಹೊರದೇಶಗಳಿಗೆ ಹೋದ ಕೆಲವು ಆವೃತ್ತಿಗಳಲ್ಲಿ ಕಿರಣಗಳನ್ನು ತೆಗೆದು ಅಡ್ಡಗೆರೆಗಳನ್ನು ಹಾಕಿದರು. ಒಂದೇ ತರಗತಿಯ ಇಬ್ಬರು ಮಕ್ಕಳಲ್ಲಿ ಒಬ್ಬಳು ಕಿರಣದ ಓಲೆಯನ್ನೂ ಇನ್ನೊಬ್ಬ ಅಡ್ಡಗೆರೆಯ ಓಲೆಯನ್ನೂ ಬರೆದು ತಂದರೆ, ಇಬ್ಬರೂ ನೋಡಿ ಬರೆದಿದ್ದಾರೆ ಎಂದು ಧಾರಾಳವಾಗಿ ನಂಬಬಹುದು. ಅವರು ನೋಡಿದ ಪ್ರತಿಗಳು ಬೇರೆ ಬೇರೆ ಅಷ್ಟೇ.